ಉತ್ತರ ಬಾರದ ಸಂದೇಶದ ಬೆನ್ನಿಗೆ

2025ರ ಸೆಪ್ಟೆಂಬರ್ 20ರ ಸಂಜೆ, ಉಡುಪಿಯಿಂದ ಸ್ವಲ್ಪ ಒಳಗಿರುವ ನಮ್ಮೂರ ಶಾಲೆಯ ಜಗಲಿಯಲ್ಲಿ ಕುಳಿತು, ಸ್ಮರಣ ಸಂಚಿಕೆಯ ಕೆಲಸ ವಹಿಸಿಕೊಂಡಿದ್ದ ನಾವಿಬ್ಬರು ಮೂರು ವಾಕ್ಯಗಳ ಮೇಲೆ ಅರ್ಧ ಗಂಟೆ ಚರ್ಚೆ ಮಾಡಿದೆವು. ಶಾಲೆಗೆ ನೂರು ವರ್ಷ ತುಂಬುವುದಿತ್ತು. ಪರ್ಯಾಯದ ಗಡಿಬಿಡಿ ಮುಗಿದ ಮೇಲೆ, ಜನವರಿಯ ಕೊನೆಯ ವಾರದಲ್ಲಿ ಕಾರ್ಯಕ್ರಮ ಎಂದು ನಿಶ್ಚಯವಾಗಿತ್ತು. ಸಂಚಿಕೆಯಲ್ಲಿ ಯಾರ ಬರಹ ಇಲ್ಲದಿದ್ದರೂ ನಡೆದೀತು, ನಮಗೆಲ್ಲ ಪಾಠ ಹೇಳಿದ ಹಿರಿಯ ಮಾಸ್ಟ್ರ ಬರಹ ಇಲ್ಲದಿದ್ದರೆ ಆಗದು ಎಂಬುದರಲ್ಲಿ ಊರಿನವರಿಗೆಲ್ಲ ಒಂದೇ ಅಭಿಪ್ರಾಯ. ಸೆಪ್ಟೆಂಬರ್ 12ರಂದು ನಾನು ಅವರಿಗೆ ವಾಟ್ಸ್ಆ್ಯಪ್‌ನಲ್ಲಿ ವಿವರವಾಗಿ ಬರೆದಿದ್ದೆ. ಅಂದು ರಾತ್ರಿಯೇ ಎರಡು ಗೆರೆಗಳು ನೀಲಿಯಾಗಿದ್ದವು. ಎಂಟು ದಿನ ಕಳೆದರೂ ಉತ್ತರ ಇರಲಿಲ್ಲ. ಜತೆಗಿದ್ದ ತರುಣ, ಅವನೂ ಅದೇ ಶಾಲೆಯವನು, ಕಳುಹಿಸಬೇಕಾದ ಎರಡನೆಯ ಸಂದೇಶವನ್ನು ಬರೆದು ತೋರಿಸಿದ:

“ಸರ್, ಸೆ. 12ರಂದು ಕಳುಹಿಸಿದ ಸಂದೇಶಕ್ಕೆ ತಾವು ಇನ್ನೂ ಉತ್ತರಿಸಿಲ್ಲ. ಲೇಖನದ ಬಗ್ಗೆ ಮತ್ತೊಮ್ಮೆ ನೆನಪಿಸುತ್ತಿದ್ದೇವೆ. ದಯವಿಟ್ಟು ಕೂಡಲೇ ತಿಳಿಸಿ.”

ಇದರಲ್ಲಿ ಸುಳ್ಳಿಲ್ಲ, ಒರಟು ಶಬ್ದವೂ ಇಲ್ಲ. ಗೌರವಕ್ಕೆ ‘ತಾವು’ ಇದೆ, ವಿನಯಕ್ಕೆ ‘ದಯವಿಟ್ಟು’ ಇದೆ. ಆದರೂ ಅದನ್ನು ಓದಿದ ಕೂಡಲೇ, ಮನೆಪಾಠ ಮಾಡಿಕೊಂಡು ಬಾರದ ಹುಡುಗನನ್ನು ಎದ್ದು ನಿಲ್ಲಿಸಿದಂತೆ ನನಗೆ ಕಂಡಿತು. ಹಾಗೆ ನಿಂತವರು ಈಗ ನಮ್ಮ ಮಾಸ್ಟ್ರು. ಕಳುಹಿಸುವುದು ಬೇಡ ಎಂದೆ. ಯಾಕೆ ಬೇಡ ಎಂದು ಅವನು ಕೇಳಿದಾಗ ಸರಿಯಾದ ಉತ್ತರ ಹೇಳಲು ನನಗೆ ಆ ಸಂಜೆ ಸಾಧ್ಯವಾಗಲಿಲ್ಲ. ಅಂದಿನಿಂದ ಯೋಚಿಸುತ್ತ ಬಂದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮುಳ್ಳು ಇರುವ ಜಾಗ

ಮೊದಲನೆಯ ಮುಳ್ಳು ‘ಇನ್ನೂ’. ಆ ಎರಡು ಅಕ್ಷರ ಇಲ್ಲದಿದ್ದರೆ ವಾಕ್ಯ ಒಂದು ಸಂಗತಿಯನ್ನು ಹೇಳುತ್ತದೆ. ಅವು ಸೇರಿದ ಕೂಡಲೇ, ಇಷ್ಟರೊಳಗೆ ಆಗಬೇಕಿತ್ತು ಎಂಬ ತೀರ್ಪನ್ನೂ ಹೇಳುತ್ತದೆ. ‘ಉತ್ತರ ಬಂದಿಲ್ಲ’ ಎಂಬುದಕ್ಕೂ ‘ಉತ್ತರವೇ ಬಂದಿಲ್ಲ’ ಎಂಬುದಕ್ಕೂ ನಡುವೆ ಇರುವುದು ಒಂದು ಏಕಾರ ಮಾತ್ರ. ಆದರೆ ಎರಡನೆಯದನ್ನು ನಾವು ಸಿಟ್ಟು ಬಾರದೆ ಬರೆಯುವುದಿಲ್ಲ, ಓದುವವರಿಗೂ ಅದು ಗೊತ್ತು. ‘ಮತ್ತೊಮ್ಮೆ’ ಎಂಬುದು ಲೆಕ್ಕ ಇಡುವ ಶಬ್ದ. ‘ನೆನಪಿಸುತ್ತಿದ್ದೇವೆ’ ಎಂದರೆ ನೀವು ಮರೆತಿದ್ದೀರಿ ಎಂದು ನಾವೇ ತೀರ್ಮಾನ ಮಾಡಿದಂತೆ. ಅವರು ಮರೆತಿರಲಾರರು ಎಂಬ ಸಾಧ್ಯತೆಗೆ ಅಲ್ಲಿ ಜಾಗವೇ ಉಳಿಯುವುದಿಲ್ಲ.

ಇದಕ್ಕಿಂತ ಮುಖ್ಯವಾದದ್ದು ವಾಕ್ಯದಲ್ಲಿ ಯಾರು ಕರ್ತೃವಾಗಿದ್ದಾರೆ ಎಂಬುದು. ‘ನೀವು ಉತ್ತರಿಸಿಲ್ಲ’ ಎಂಬಲ್ಲಿ ಮಾಡದೆ ಉಳಿದವರು ಎದುರಿಗೇ ನಿಂತಿದ್ದಾರೆ. ‘ನನಗೆ ಉತ್ತರ ಸಿಕ್ಕಿಲ್ಲ’ ಎಂದಾಗ ಕೊರತೆ ನನ್ನ ಕಡೆಗೆ ಬಂತು. ಅವರು ವಾಕ್ಯದಲ್ಲಿ ಇಲ್ಲವೇ ಇಲ್ಲ. ಈ ಅನುಕೂಲವನ್ನು ಕನ್ನಡ ನಮಗೆ ಧಾರಾಳವಾಗಿ ಕೊಟ್ಟಿದೆ. ನನಗೆ ತಿಳಿಯಲಿಲ್ಲ, ನನಗೆ ಸಿಗಲಿಲ್ಲ, ನಮಗೆ ಬೇಕಾಗಿತ್ತು ಎಂದು ಇನ್ನೊಬ್ಬರನ್ನು ಎಳೆದು ತರದೆ ಎಷ್ಟನ್ನೂ ಹೇಳಬಹುದು. ಹಾಗೆಯೇ ‘ನೀವು ಕೊಡದಿದ್ದರೆ’ ಎಂಬುದು ಬೆದರಿಕೆಯ ಹತ್ತಿರಕ್ಕೆ ಹೋಗುತ್ತದೆ, ‘ಆಗದಿದ್ದರೆ’ ಎಂಬುದು ಹೋಗುವುದಿಲ್ಲ. ಆಗುವುದು ಬಿಡುವುದು ದೇಹಸ್ಥಿತಿಗೆ, ಮಳೆಗೆ, ಮನೆಯ ಕಷ್ಟಸುಖಕ್ಕೆ ಸೇರಿದ ಮಾತು.

‘ದಯವಿಟ್ಟು’ ಎಂಬ ಶಬ್ದದ ಬಗ್ಗೆಯೂ ಒಂದು ಮಾತು. ದೇವಸ್ಥಾನದ ಬಾಗಿಲಲ್ಲಿ ‘ದಯವಿಟ್ಟು ಪಾದರಕ್ಷೆಗಳನ್ನು ಹೊರಗಿಡಿ’ ಎಂದು ಓದಿ ಓದಿ ಅದು ನಮ್ಮ ಕಿವಿಗೆ ಆಜ್ಞೆಯ ಮೊದಲ ಶಬ್ದವಾಗಿಬಿಟ್ಟಿದೆ. ಅದರ ಪಕ್ಕದಲ್ಲಿ ‘ಕೂಡಲೇ’ ಬಂದರೆ ವಿನಯ ಪೂರ್ತಿ ಹೊರಟುಹೋಗುತ್ತದೆ. ‘ತಿಳಿಸಿದರೆ ಅನುಕೂಲವಾಗುತ್ತಿತ್ತು’ ಎಂಬುದರಲ್ಲಿ ದಯವಿಟ್ಟು ಇಲ್ಲ, ಆದರೆ ಬೇಡಿಕೆಯ ತಗ್ಗಿದ ದನಿ ಇದೆ. ಇನ್ನು ‘ತಾವು’. ನಾನು ಮೊದಲ ಸಂದೇಶವನ್ನು ‘ನೀವು’ ಎಂದು ಬರೆದಿದ್ದೆ. ಅಲ್ಲಿಂದ ಎರಡನೆಯದರಲ್ಲಿ ‘ತಾವು’ ಎಂದು ಏರಿಸಿದರೆ ಗೌರವ ಹೆಚ್ಚಿದಂತೆ ಕಾಣುವುದಿಲ್ಲ, ದೂರ ಹೆಚ್ಚಿದಂತೆ ಕಾಣುತ್ತದೆ. ಮೊದಲು ಯಾವುದರಲ್ಲಿ ಶುರು ಮಾಡಿದೆವೋ ಕೊನೆಯವರೆಗೂ ಅದರಲ್ಲೇ ಇರುವುದು ಒಳ್ಳೆಯದು.

ನಮ್ಮ ಕಡೆಯವರಿಗೆ ಈ ಕಷ್ಟ ಸ್ವಲ್ಪ ಹೆಚ್ಚು ಎಂದು ನನಗೆ ಅನ್ನಿಸುವುದುಂಟು. ಮನೆಯಲ್ಲಿ ತುಳುವೋ ಕೊಂಕಣಿಯೋ ಬ್ಯಾರಿಯೋ ಆಡುತ್ತೇವೆ. ಬರೆಯಲು ಕುಳಿತಾಗ ಮಾತ್ರ ಶಾಲೆಯಲ್ಲಿ ಕಲಿತ ಕನ್ನಡಕ್ಕೆ ಬರುತ್ತೇವೆ. ಫೋನಿನಲ್ಲಿ ತುಳುವಿನ ಒಂದು ‘ಈರ್’ ಎಂಬುದರಲ್ಲೇ ಗೌರವವೂ ಸಲಿಗೆಯೂ ಸೇರಿ ಬರುತ್ತವೆ. ಆಡುವ ಕನ್ನಡದಲ್ಲಾದರೂ ಒಂದು ‘ಮಾರಾಯ್ರೆ’, ಒಂದು ‘ಆಯ್ತಾ’ ಸೇರಿಸಿ ಮಾತಿನ ಅಂಚನ್ನು ಮೆತ್ತಗೆ ಮಾಡಿಕೊಳ್ಳುತ್ತೇವೆ. ಬರೆಯುವ ಕನ್ನಡಕ್ಕೆ ಬಂದಾಗ ಅವೆಲ್ಲವನ್ನೂ ಹೊಸಿಲ ಹೊರಗೆ ಬಿಟ್ಟು ಬರುತ್ತೇವೆ, ವಾಕ್ಯ ಇಲಾಖೆಯ ಸುತ್ತೋಲೆಯ ಹಾಗೆ ಆಗುತ್ತದೆ.

ಅಂಚೆಯ ಮೇಲೆ ಹಾಕುತ್ತಿದ್ದ ತಪ್ಪು

ನನ್ನ ತಂದೆಯ ಅಣ್ಣ ಮುಂಬಯಿಯಲ್ಲಿ ಹೋಟೆಲಿನ ಕೆಲಸದಲ್ಲಿದ್ದರು. ಒಮ್ಮೆ ಜಾಗದ ಕಾಗದಪತ್ರಕ್ಕೆ ಅವರ ಸಹಿ ಬೇಕಾಗಿತ್ತು. ತಂದೆಯವರು ಬರೆದರು, ಉತ್ತರ ಬರಲಿಲ್ಲ. ಒಂದು ತಿಂಗಳ ಮೇಲೆ, ನೀಲಿ ಇನ್‌ಲ್ಯಾಂಡ್ ಕಾಗದವನ್ನು ಮೊಣಕಾಲ ಮೇಲಿನ ಹಲಗೆಯಲ್ಲಿ ಹರಡಿ ಅವರು ಎರಡನೆಯ ಪತ್ರ ಬರೆಯುವಾಗ ನಾನು ಪಕ್ಕದಲ್ಲಿ ಕುಳಿತಿದ್ದೆ. ‘ಮೊದಲು ಬರೆದ ಕಾಗದ ತಲುಪಿರಬಹುದೆಂದು ನಂಬಿದ್ದೇನೆ. ಈ ವರ್ಷ ಮಳೆಯಿಂದಾಗಿ ಟಪ್ಪಾಲು ತಡವಾಗುತ್ತಿದೆ ಎಂದು ಹೇಳುತ್ತಾರೆ’ ಎಂದು ಬರೆದರು. ಆಮೇಲೆ ಅಂಗಳದ ಹಲಸಿನ ಮರದ ಬಗ್ಗೆ ಎರಡು ಸಾಲು, ಅಜ್ಜಿಯ ಕಣ್ಣಿನ ಬಗ್ಗೆ ಒಂದು ಸಾಲು. ಸಹಿಯ ಮಾತು ಬಂದದ್ದು ಕೊನೆಯ ಮಡಿಕೆಯಲ್ಲಿ, ಅದೂ ಇಂಥ ದಿನಾಂಕದೊಳಗೆ ಆದರೆ ಒಳ್ಳೆಯದು ಎಂದು ಮಾತ್ರ. ದೊಡ್ಡಪ್ಪ ಉತ್ತರ ಬರೆಯುವಾಗ ತಡವಾದದ್ದಕ್ಕೆ ಕಾರಣ ಹುಡುಕಬೇಕಾಗಿರಲಿಲ್ಲ. ಕಾರಣವನ್ನು ತಂದೆಯವರೇ ಕಳುಹಿಸಿಕೊಟ್ಟಿದ್ದರು.

ಆಗ ಅಂಚೆ ಇಬ್ಬರ ಮಾನವನ್ನೂ ಕಾಯುತ್ತಿತ್ತು. 2014ರ ನವೆಂಬರಿನಲ್ಲಿ ವಾಟ್ಸ್ಆ್ಯಪ್ ನೀಲಿ ಗೆರೆಗಳನ್ನು ತಂದ ಮೇಲೆ ಆ ಆಸರೆ ಹೋಯಿತು. ಗೆರೆ ನೀಲಿಯಾದದ್ದು ನನಗೂ ಕಂಡಿದೆ, ನನಗೆ ಕಂಡಿದೆ ಎಂದು ಅವರಿಗೂ ಗೊತ್ತಿದೆ. ಹಾಗಿರುವಾಗ ‘ಸಂದೇಶ ತಲುಪಲಿಲ್ಲವೇನೋ’ ಎಂದು ಬರೆದರೆ ಅದು ತಂದೆಯವರ ಮಳೆಯ ಮಾತಿನ ಹಾಗೆ ಆಗುವುದಿಲ್ಲ. ಸುಳ್ಳೆಂದು ಇಬ್ಬರಿಗೂ ತಿಳಿದಿರುವ ವಿನಯ ಚುಚ್ಚುಮಾತಾಗಿ ಕೇಳುತ್ತದೆ. ಗೆರೆ ಒಂದೇ ಇದ್ದರೆ, ಅಂದರೆ ಸಂದೇಶ ಅವರ ಫೋನಿಗೆ ಹೋಗಿಯೇ ಇಲ್ಲದಿದ್ದರೆ, ಆ ಮಾತು ಸರಿ. ಅಂಥಲ್ಲಿ ಎರಡನೆಯ ಸಂದೇಶಕ್ಕಿಂತ ಒಂದು ಫೋನು ಮಾಡುವುದು ಇನ್ನೂ ಸರಿ. ಆದರೆ ನೀಲಿ ಗೆರೆ ಹೇಳುವುದು ಆ ಮಾತುಕತೆಯನ್ನು ಯಾರೋ ತೆರೆದರು ಎಂದಷ್ಟೆ. ಹಿರಿಯರ ಮನೆಗಳಲ್ಲಿ ತೆರೆಯುವವರು ಹೆಚ್ಚಾಗಿ ಮೊಮ್ಮಕ್ಕಳು. ಆದ್ದರಿಂದ ಗೆರೆಯ ಬಣ್ಣದ ಸುದ್ದಿಯನ್ನು ಸಂದೇಶದಲ್ಲಿ ಎತ್ತಲೇಬಾರದು ಎಂಬುದು ನನ್ನ ಅಭಿಪ್ರಾಯ. ‘ನೀವು ನೋಡಿದ್ದೀರಿ’ ಎಂಬ ಮಾತಿಗೆ ಸಮಾಧಾನದ ಉತ್ತರ ಯಾರಲ್ಲಿಯೂ ಇರುವುದಿಲ್ಲ.

ಅಂಚೆ ಕೊಡುತ್ತಿದ್ದ ನೆಪವನ್ನು ಈಗ ನಾವು ಬೇರೆ ಕಡೆಯಿಂದ, ಅದೂ ನಿಜವಾದದ್ದನ್ನೇ, ತರಬೇಕು. ಹೊಸ ಸುದ್ದಿಯೊಂದಿದ್ದರೆ ಅದು ಸಿಗುತ್ತದೆ. ಆ ಸಂಜೆ ತರುಣನ ಕರಡನ್ನು ಬಿಟ್ಟು ನಾವು ಕಳುಹಿಸಿದ್ದು ಇದು:

“ನಮಸ್ಕಾರ ಸರ್. ಶಾಲೆಯ ಕಪಾಟಿನಲ್ಲಿ 1978ರ ಹಾಜರಿ ಪುಸ್ತಕ ಸಿಕ್ಕಿದೆ, ಪೂರ್ತಿ ನಿಮ್ಮ ಕೈಬರಹ. ಒಂದು ಪುಟದ ಚಿತ್ರವನ್ನು ಜತೆಗೆ ಕಳುಹಿಸಿದ್ದೇನೆ. ಲೇಖನದ ವಿಷಯವನ್ನು ಕಳೆದ ವಾರ ಬರೆದಿದ್ದೆ. ನವರಾತ್ರಿ ಕಳೆದ ಮೇಲೆ, ನಿಮಗೆ ಅನುಕೂಲವಾದಾಗ ಒಂದು ಮಾತು ತಿಳಿಸಿದರೆ ಸಾಕು.”

ಸಂದೇಶಕ್ಕೆ ಬರಲು ತನ್ನದೇ ಆದ ಕಾರಣವಿದೆ, ಕೇಳಿಕೆ ಅದರ ಹಿಂದೆ ಬಂದಿದೆ. ‘ಲೇಖನದ ವಿಷಯವನ್ನು ಬರೆದಿದ್ದೆ’ ಎಂಬಲ್ಲಿ ಕರ್ತೃ ನಾನು. ಹಳೆಯ ಸಂದೇಶ ಎಲ್ಲಿದೆ ಎಂದು ಅವರು ಹುಡುಕಬಾರದು ಎಂದು ಅದನ್ನೇ ಒತ್ತಿ ಹಿಡಿದು, ಅದಕ್ಕೆ ಉತ್ತರವಾಗಿ ಇದನ್ನು ಜೋಡಿಸಿ ಕಳುಹಿಸಿದೆವು. ಅವಧಿಯನ್ನು ಹಿಂದಿನಿಂದ ಎಣಿಸದೆ ಮುಂದಿನಿಂದ ಕೊಟ್ಟಿದ್ದೇವೆ. ಎಂಟು ದಿನವಾಯಿತು ಎಂದರೆ ದೂರು, ನವರಾತ್ರಿ ಕಳೆದ ಮೇಲೆ ಎಂದರೆ ಬಿಡುವು.

ಕೈಮುಗಿದ ಚಿತ್ರ

ಅದಕ್ಕೆ ಬಂದದ್ದು ಕೈಮುಗಿದ ಒಂದು ಚಿತ್ರ. ಆಗಬಹುದು ಎಂದೋ, ಕ್ಷಮಿಸಿ ಎಂದೋ, ಹಾಜರಿ ಪುಸ್ತಕ ನೋಡಿ ಸಂತೋಷವಾಯಿತು ಎಂದೋ ಹೇಳುವಂತಿರಲಿಲ್ಲ. ಆದರೆ ಒಂದು ಸಂಗತಿ ಸ್ಪಷ್ಟವಾಯಿತು. ಅವರಿಗೆ ನಮ್ಮ ಮೇಲೆ ಬೇಸರವಿಲ್ಲ, ಬೇಸರ ಇದ್ದವರು ಕೈಮುಗಿಯುವುದಿಲ್ಲ. ಹಾಗಾದರೆ ತಡೆ ಇರುವುದು ಬೇರೆಲ್ಲೋ. ಅದನ್ನು ಹುಡುಕುತ್ತ ನನ್ನ ಮೊದಲ ಸಂದೇಶವನ್ನು ಮತ್ತೆ ಓದಿದೆ. ಸಾವಿರದ ಐನೂರು ಶಬ್ದಗಳ ಲೇಖನ, ಅದು ಯೂನಿಕೋಡಿನಲ್ಲಿ ಟೈಪ್ ಆಗಿರಬೇಕು, ಜತೆಗೆ ಭಾವಚಿತ್ರ, ಹತ್ತು ಸಾಲಿನ ಪರಿಚಯ, ಹಳೆಯ ಗುಂಪು ಫೋಟೋ ಇದ್ದರೆ ಅದು, ಅದರಲ್ಲಿರುವವರ ಹೆಸರುಗಳು. ಇವುಗಳಲ್ಲಿ ಯಾವುದಕ್ಕೂ ಒಂದು ಸಾಲಿನಲ್ಲಿ ಉತ್ತರ ಹೇಳಲು ಸಾಧ್ಯವಿರಲಿಲ್ಲ. ಸಂದೇಶಕ್ಕೆ ಉತ್ತರ ಕೊಡುವುದೆಂದರೆ ಅಷ್ಟೂ ಕೆಲಸವನ್ನು ಮುಗಿಸುವುದೇ ಎಂದು ಓದಿದವರಿಗೆ ಅನ್ನಿಸುವಂತೆ ಅದು ಇತ್ತು.

ಉತ್ತರ ಬೇರೆ, ಕೆಲಸ ಬೇರೆ ಎಂದು ಬಿಡಿಸಿ ಇಡುವ ಹೊಣೆ ಕೇಳುವವನದು ಎಂದು ನನಗೆ ಗಟ್ಟಿಯಾದದ್ದು ಆ ದಿನ. ಎರಡನೆಯ, ಮೂರನೆಯ ಸಂದೇಶಗಳಲ್ಲಿ ದನಿ ಏರಿಸುವುದು ನಮಗೆ ಸಹಜವಾಗಿ ಬರುತ್ತದೆ. ಏರಿಸುವ ಬದಲು ಕೇಳಿಕೆಯನ್ನು ಇಳಿಸುತ್ತ ಹೋಗಬೇಕು. ಅಕ್ಟೋಬರ್ 6ರಂದು, ವಿಜಯದಶಮಿ ಕಳೆದ ನಾಲ್ಕನೆಯ ದಿನ, ಮೂರನೆಯದನ್ನು ಬರೆದೆ:

“ನಮಸ್ಕಾರ ಸರ್. ಮೊದಲ ಸಲ ನಾನು ಒಮ್ಮೆಗೇ ತುಂಬ ಕೇಳಿಬಿಟ್ಟೆ ಎಂದು ಈಗ ಅನ್ನಿಸುತ್ತಿದೆ. ಫೋಟೋ, ಪರಿಚಯ ಎಲ್ಲವನ್ನೂ ನಾವೇ ಹೊಂದಿಸಿಕೊಳ್ಳುತ್ತೇವೆ. ತಿಳಿಯಬೇಕಾದದ್ದು ಒಂದೇ: ನೀವೇ ಬರೆದು ಕೊಡುವುದು ಅನುಕೂಲವೋ, ನಮ್ಮಲ್ಲೊಬ್ಬರು ಮನೆಗೆ ಬಂದು ನೀವು ಹೇಳಿದ್ದನ್ನು ಬರೆದುಕೊಳ್ಳುವುದು ಅನುಕೂಲವೋ? ‘ಬರೆಯುತ್ತೇನೆ’ ಅಥವಾ ‘ಬನ್ನಿ’ ಎಂಬ ಒಂದು ಶಬ್ದ ಸಾಕು. ಈ ಸಲ ಕಷ್ಟ ಎಂದಾದರೂ ನಮಗೆ ತಿಳಿದರೆ ಒಳ್ಳೆಯದೇ.”

ಕೊನೆಯ ವಾಕ್ಯವನ್ನು ಸೇರಿಸಲು ನನಗೆ ಮನಸ್ಸಿರಲಿಲ್ಲ, ಆಗುವುದಿಲ್ಲ ಎಂಬ ದಾರಿಯನ್ನು ನಾನೇ ತೋರಿಸಿದಂತಾಗುತ್ತದಲ್ಲ ಎಂದು. ಆದರೆ ನಮ್ಮಲ್ಲಿ ದೊಡ್ಡವರು ‘ಆಗುವುದಿಲ್ಲ’ ಎಂದು ಬಾಯಿ ಬಿಟ್ಟು ಹೇಳುವುದು ಕಡಿಮೆ. ಹೇಳಲಾರದ್ದನ್ನು ಮೌನದಲ್ಲಿ ಇಡುತ್ತಾರೆ. ಆ ಮಾತನ್ನು ಅವರ ಪರವಾಗಿ ನಾವೇ ಆಡಿಟ್ಟರೆ, ‘ಹೌದು, ಹಾಗೆಯೇ’ ಎನ್ನುವುದು ಸುಲಭ.

ಮೂರು ವಾರ ಕಾದೆವು. ನಡುವೆ ದೀಪಾವಳಿ ಬಂದು ಹೋಯಿತು. ಉತ್ತರ ಬರಲಿಲ್ಲ.

ಕೊನೆಯದನ್ನು ಕೊನೆಯದಾಗಿಯೇ ಬರೆಯುವುದು

ನಾಲ್ಕನೆಯ ಸಂದೇಶವನ್ನು ಬರೆಯುವಾಗ ಇದರ ಮೇಲೆ ಐದನೆಯದು ಇಲ್ಲ ಎಂದು ಮೊದಲೇ ನಿಶ್ಚಯಿಸಿಕೊಂಡೆ. ನಾನು ಕಂಡ ಹಾಗೆ ಸಂಬಂಧ ಕೆಡುವುದು ಒಂದು ಖಾರವಾದ ಸಂದೇಶದಿಂದಲ್ಲ. ವಾರಕ್ಕೊಮ್ಮೆ ಬರುವ, ಯಾವಾಗ ನಿಲ್ಲುತ್ತದೆ ಎಂದು ತಿಳಿಯದ ಮೆತ್ತಗಿನ ಸಂದೇಶಗಳಿಂದ. ಅಕ್ಟೋಬರ್ 27ರಂದು ಕಳುಹಿಸಿದ್ದು ಹೀಗಿತ್ತು:

“ನಮಸ್ಕಾರ ಸರ್. ಸಂಚಿಕೆಯ ಪುಟಗಳನ್ನು ನವೆಂಬರ್ 6ರಂದು ಪ್ರೆಸ್ಸಿಗೆ ಕೊಡಬೇಕಾಗಿದೆ. ನಿಮ್ಮ ನೆನಪುಗಳಿಗಾಗಿ ನಾಲ್ಕು ಪುಟ ಇಟ್ಟಿದ್ದೇವೆ, 5ರ ಸಂಜೆಯವರೆಗೂ ಅವು ಹಾಗೆಯೇ ಇರುತ್ತವೆ. ಅಷ್ಟರೊಳಗೆ ಆಗದಿದ್ದರೆ ಅಲ್ಲಿ 1978ರ ಹಾಜರಿ ಪುಸ್ತಕದ ಚಿತ್ರಗಳನ್ನು ಹಾಕುತ್ತೇವೆ. ಲೇಖನದ ವಿಷಯದಲ್ಲಿ ಇನ್ನು ಬರೆದು ನಿಮಗೆ ತೊಂದರೆ ಕೊಡುವುದಿಲ್ಲ. ಕಾರ್ಯಕ್ರಮಕ್ಕೆ ನೀವು ಬರಲೇಬೇಕು. ಆಮಂತ್ರಣ ಹಿಡಿದುಕೊಂಡು ನಾವೇ ಮನೆಗೆ ಬರುತ್ತೇವೆ.”

ಇದರಲ್ಲಿ ಗಡುವು ಇದೆ, ಆದರೆ ಗಡುವು ಕೊಟ್ಟವನು ನಾನಲ್ಲ, ಪ್ರೆಸ್ಸು. ಆ ದಿನಾಂಕ ನಿಜವಾದದ್ದು. ಎರಡು ದಿನ ಮೊದಲೇ ಹೇಳಿ ಹೆದರಿಸೋಣ ಎಂಬ ಸಲಹೆ ಸಮಿತಿಯಲ್ಲಿ ಬಂದಿತ್ತು, ನಾನು ಒಪ್ಪಲಿಲ್ಲ. 5ನೆಯ ತಾರೀಕು ಕಳೆದ ಮೇಲೂ ಬಾಗಿಲು ತೆರೆದೇ ಇತ್ತು ಎಂದು ಅವರಿಗೆ ಮುಂದೊಂದು ದಿನ ತಿಳಿದರೆ, ಆಮೇಲೆ ನನ್ನ ಯಾವ ದಿನಾಂಕಕ್ಕೂ ಬೆಲೆ ಇರುವುದಿಲ್ಲ. ಬಾರದಿದ್ದರೆ ಏನಾಗುತ್ತದೆ ಎಂಬುದನ್ನೂ ಹೇಳಿದ್ದೇವೆ, ಅದು ಅವರಿಗೆ ಅವಮಾನ ಮಾಡುವಂಥದ್ದಲ್ಲ. ಆ ಪುಟಗಳಲ್ಲಿ ಹೇಗಿದ್ದರೂ ಅವರ ಕೈಬರಹ ಇರುತ್ತದೆ. ಆಮಂತ್ರಣದ ಮಾತು ಬಹಳ ಮುಖ್ಯವಾಗಿತ್ತು. ಲೇಖನ ಕೊಡದವನು ಯಾವ ಮುಖ ಹೊತ್ತು ಸಭೆಗೆ ಹೋಗಲಿ ಎಂದು ಅವರು ಮನೆಯಲ್ಲೇ ಉಳಿದುಬಿಟ್ಟರೆ, ಸಂಚಿಕೆಗಾಗಿ ನಾವು ಮಾಸ್ಟ್ರನ್ನೇ ಕಳೆದುಕೊಂಡ ಹಾಗೆ.

ಮೂರನೆಯ ದಿನ ಬೆಳಿಗ್ಗೆ ಅವರದೇ ಫೋನು ಬಂತು.

“ನಾನು ಉತ್ತರ ಕೊಡದೆ ಕೂತದ್ದಲ್ಲ ಮಾರಾಯ,” ಎಂದರು. “ಬರೆದೇ ಕಳಿಸುವ ಅಂತ ಇತ್ತು. ಎರಡು ಸಲ ಬರೆದೆ, ಸರಿಯಾಗ್ಲಿಲ್ಲ, ಹರಿದು ಹಾಕಿದೆ. ಬರೀ ಕೈಯಲ್ಲಿ ಎಂತ ಉತ್ತರ ಕೊಡುವುದು?”

ಮನೆಗೆ ಬರುತ್ತೇವೆ ಎಂದು ಬರೆದಿದ್ದೆನಲ್ಲ ಸರ್ ಎಂದೆ.

“ಬರೆದಿದ್ದಿ. ಇವಳಿಗೆ ಮೊಣಗಂಟಿನ ಆಪರೇಷನ್ ಆಗಿ ಮಲಗಿದ್ದಾಳೆ. ಬನ್ನಿ ಅಂತ ಕರೆದು, ಬಂದವರಿಗೆ ಬಾಯಾರಿಕೆಗೆ ಒಂದು ಲೋಟ ಕೊಡದೆ ಕಳಿಸ್ಲಿಕ್ಕೆ ಆಗ್ತದಾ?”

ನಾನು ಸುಮ್ಮನಾದೆ. ಒಂದೇ ಶಬ್ದದ ಉತ್ತರ ಸಾಕು ಎಂದು ನಾನು ಅಂದುಕೊಂಡಿದ್ದ ‘ಬನ್ನಿ’ಯ ಹಿಂದೆ ಒಂದು ಮನೆಯ ಅಷ್ಟೂ ಕಷ್ಟ ಇತ್ತು. ಕೇಳಿಕೆಯನ್ನು ಎಷ್ಟು ಚಿಕ್ಕದು ಮಾಡಿದರೂ ಅದರ ಭಾರ ಎಷ್ಟು ಎಂಬುದನ್ನು ಹೊರುವವರೇ ಹೇಳಬೇಕು. ಅವರು ಹೇಳದೆ ಇರುವಾಗ ನಮಗೆ ಕಾಣದ ಕಾರಣವೊಂದು ಇದೆ ಎಂದುಕೊಂಡು ಬರೆಯುವುದಷ್ಟೇ ನಮ್ಮ ಕೈಯಲ್ಲಿರುವುದು. ತರುಣನ ಮೊದಲ ಕರಡು ಹೋಗಿದ್ದರೆ ಈ ಫೋನು ಬರುತ್ತಿರಲಿಲ್ಲ ಎಂದು ನಾನು ನಂಬಿದ್ದೇನೆ. ಕೊನೆಗೆ ಎರಡು ಸಂಜೆ ಫೋನಿನಲ್ಲೇ ಅವರು ಹೇಳಿದರು, ತರುಣ ಬರೆದುಕೊಂಡ, ತಿದ್ದಿದ ಪ್ರತಿಯನ್ನು ಅವರಿಗೆ ಓದಿ ಹೇಳಿದ. ನವೆಂಬರ್ 5ರ ಮಧ್ಯಾಹ್ನ ನಾಲ್ಕು ಪುಟ ತುಂಬಿದವು.

ಇದು ಎಲ್ಲ ಕಡೆ ನಡೆಯುವುದಿಲ್ಲ

ಸಂಚಿಕೆಯ ಜಾಹೀರಾತಿನ ಹಣ ಕೇಳುವಾಗ ಈ ರೀತಿ ಬರೆದರೆ ಕೆಡುತ್ತದೆ. ಅಲ್ಲಿ ಹಾಜರಿ ಪುಸ್ತಕದಂಥ ಸುದ್ದಿ ಹೇಳಿ ಆಮೇಲೆ ಹಣದ ಮಾತಿಗೆ ಬಂದರೆ, ಸುದ್ದಿ ನೆಪ ಎಂದು ಕಾಣುತ್ತದೆ. ಬಿಲ್ಲಿನ ಸಂಖ್ಯೆ, ಮೊತ್ತ, ಕಳುಹಿಸಬೇಕಾದ ಖಾತೆ, ‘ಈಗಾಗಲೇ ಕಳುಹಿಸಿದ್ದರೆ ತಿಳಿಸಿ, ರಶೀದಿ ಕೊಡುತ್ತೇವೆ’ ಎಂಬ ಒಂದು ಸಾಲು, ಇಷ್ಟಿದ್ದರೆ ಸಾಕು. ಆ ಕೊನೆಯ ಸಾಲು ಅಂಚೆಯ ಮಳೆಯ ಹಾಗೆ. ನಿಜವಾಗಿಯೂ ಎಷ್ಟೋ ಸಲ ಹಣ ಬಂದಿರುತ್ತದೆ, ನಮ್ಮ ಖಜಾಂಚಿ ನೋಡಿರುವುದಿಲ್ಲ.

ಕಾನೂನಿನ ದಿನ ಓಡುತ್ತಿರುವಲ್ಲಿ ಮೆತ್ತಗಿನ ಮೂರನೆಯ ಪತ್ರದಿಂದ ನಷ್ಟವೇ ಆಗಬಹುದು. ಶಾಲೆಯ ಸ್ಥಾಪನೆಯ ದಾಖಲೆಗಾಗಿ ನಾವು ಒಂದು ಕಚೇರಿಗೆ ಮಾಹಿತಿ ಹಕ್ಕಿನಡಿ ಅರ್ಜಿ ಕೊಟ್ಟಿದ್ದೆವು. ಅಲ್ಲಿ ಉತ್ತರಕ್ಕೆ 30 ದಿನ, ಉತ್ತರ ಬಾರದಿದ್ದರೆ ಅನಂತರದ 30 ದಿನಗಳೊಳಗೆ ಮೊದಲ ಮೇಲ್ಮನವಿ. ಅವರಿಗೆ ನೆಪ ಒದಗಿಸುತ್ತ ಕುಳಿತರೆ ನಮ್ಮ ದಿನಗಳು ಮುಗಿಯುತ್ತವೆ. ಮೇಲ್ಮನವಿಯನ್ನೂ ಯಾರನ್ನೂ ದೂರದೆ ಬರೆಯಲು ಬರುತ್ತದೆ: ಇಂಥ ದಿನ ಅರ್ಜಿ ಕೊಡಲಾಗಿದೆ, ಇಂಥ ದಿನಕ್ಕೆ ಅವಧಿ ಮುಗಿದಿದೆ, ಮಾಹಿತಿ ದೊರೆತಿಲ್ಲ.

ಸಂಚಿಕೆ ಬಿಡುಗಡೆಯಾಗಿ ಕೆಲವು ದಿನಗಳ ಮೇಲೆ ಮಾಸ್ಟ್ರು ಇನ್ನೆರಡು ಪ್ರತಿ ಬೇಕೆಂದು ಮೊಮ್ಮಗನ ಕೈಯಲ್ಲಿ ಬರೆಸಿದ್ದರು. ನಾನು ಮಂಗಳೂರಿನಲ್ಲಿ ಬೇರೆ ಕೆಲಸದ ನಡುವೆ ಓದಿ, ಊರಿಗೆ ಹೋದ ಮೇಲೆ ಕೊಟ್ಟೇ ತಿಳಿಸೋಣ ಎಂದು ಇಟ್ಟುಕೊಂಡೆ. ಹನ್ನೊಂದು ದಿನ ಕಳೆಯಿತು. ಹನ್ನೆರಡನೆಯ ದಿನ ಅವರಿಂದ ಬಂದದ್ದು: “ಪ್ರತಿಗಳು ಮುಗಿದಿರಲೂಬಹುದು, ಎಲ್ಲರೂ ಕೇಳುತ್ತಿದ್ದಾರಂತೆ. ಬುಧವಾರ ಇವಳನ್ನು ಡಾಕ್ಟರಿಗೆ ತೋರಿಸಲು ಆ ದಾರಿಯಲ್ಲೇ ಬರುವುದಿದೆ. ಒಂದಿದ್ದರೂ ಸಾಕು, ಇಲ್ಲದಿದ್ದರೂ ನಿನ್ನನ್ನು ನೋಡಿದ ಹಾಗಾಯಿತು. ಇವಳು ಈಗ ನಡೆಯುತ್ತಾಳೆ.”

‘ಎರಡೂ ಇವೆ ಸರ್, ಬುಧವಾರ ನಾನೇ ಗೇಟಿನ ಹತ್ತಿರ ನಿಂತಿರುತ್ತೇನೆ’ ಎಂದು ಆಗಲೇ ಬರೆದೆ.